ಆಪ್ಷನಲ್ ಆಯ್ಕೆ: ವಾರಕ್ಕೆ 20 ಗಂಟೆ ಸಿಗುವವರಿಗೆ ಸಮಾಜಶಾಸ್ತ್ರವೋ, ಕನ್ನಡ ಸಾಹಿತ್ಯವೋ, ಭೂಗೋಳವೋ?

ಸಂಜೆಓದು

ಯುಪಿಎಸ್‌ಸಿ ಮೇನ್ಸ್‌ಗೆ ಆಪ್ಷನಲ್ ತೀರ್ಮಾನ ಮಾಡಬೇಕು. ಓದಿದ್ದು ಮೆಕ್ಯಾನಿಕಲ್ ಬಿಇ, ಈಗ ಖಾಸಗಿ ಕೆಲಸ. ಈಗ ಆಗಸ್ಟ್, ಮುಂದಿನ ಮೇ ಕೊನೆಗೆ ಪ್ರಿಲಿಮ್ಸ್ ಅಂತ ಇಟ್ಟುಕೊಂಡಿದ್ದೇನೆ. ಪಟ್ಟಿಯಲ್ಲಿ ಮೂರು ಉಳಿದಿವೆ. ಸಮಾಜಶಾಸ್ತ್ರ ಚಿಕ್ಕದು, ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ ಅಂತಾರೆ. ಭೂಗೋಳ ಜಿಎಸ್‌ಗೂ ಬರುತ್ತದೆ ಅಂತಾರೆ. ಕನ್ನಡ ಸಾಹಿತ್ಯ ಇಷ್ಟ, ಆದರೆ ಹಳಗನ್ನಡದ ಭಯ ಇದೆ. ದಿನಕ್ಕೆ ಮೂರು ಗಂಟೆ, ಶನಿವಾರ ಭಾನುವಾರ ಏಳೇಳು ಗಂಟೆ ಸಿಗುತ್ತದೆ. ಹೋಲಿಸುವುದು ಹೇಗೆ?

ಬೇಗಮುಗಿಸು

ಇದರಲ್ಲಿ ಯೋಚಿಸುವುದೇನಿದೆ? ಸಿಲೆಬಸ್ ಚಿಕ್ಕದಿರುವುದನ್ನು ಹಿಡಿಯಿರಿ. ಸಮಾಜಶಾಸ್ತ್ರದ ಮೊದಲ ಪತ್ರಿಕೆಯಲ್ಲಿ ಹತ್ತೇ ಘಟಕ. ಎಂಟು ಪ್ರಶ್ನೆ ಕೊಟ್ಟು ಐದು ಬರೆಯಿರಿ ಅನ್ನುತ್ತಾರೆ, ಅಂದರೆ ಹತ್ತರಲ್ಲಿ ಆರು ಘಟಕ ಗಟ್ಟಿ ಮಾಡಿಕೊಂಡರೆ ಸಾಕು. ಇಷ್ಟಗಿಷ್ಟ ಎಲ್ಲ ರ‍್ಯಾಂಕ್ ಬಂದ ಮೇಲೆ.

ಲೆಕ್ಕದಪುಟ

ಎಂಟರಲ್ಲಿ ಐದು ಅನ್ನುವುದು ಸರಿ, ಆರು ಘಟಕ ಸಾಕು ಅನ್ನುವುದು ಸರಿಯಲ್ಲ. ಪ್ರಶ್ನೆಪತ್ರಿಕೆ ತೆರೆದು ಎರಡು ವಿಭಾಗಗಳನ್ನು ನೋಡಿ. ಒಂದನೇ ಮತ್ತು ಐದನೇ ಪ್ರಶ್ನೆ ಕಡ್ಡಾಯ. ಒಂದೊಂದರಲ್ಲೂ ಹತ್ತು ಅಂಕದ ಐದು ಚಿಕ್ಕ ಪ್ರಶ್ನೆ, ಅವುಗಳಲ್ಲಿ ಯಾವುದನ್ನೂ ಬಿಡುವ ಹಾಗಿಲ್ಲ. ಅಲ್ಲಿಗೇ 250ರಲ್ಲಿ 100 ಅಂಕ ಆಯ್ಕೆಯಿಲ್ಲದೆ ಹೋಯಿತು. ಆ ಹತ್ತು ಚಿಕ್ಕ ಪ್ರಶ್ನೆಗಳು ಸಿಲೆಬಸ್ಸಿನ ಮೂಲೆಮೂಲೆಯಿಂದ ಬರುತ್ತವೆ. ನಾಲ್ಕು ಘಟಕ ಬಿಟ್ಟವನು ಹತ್ತರಲ್ಲಿ ಮೂರೋ ನಾಲ್ಕೋ ಪ್ರಶ್ನೆಯನ್ನು ಊಹೆಯ ಮೇಲೆ ಬರೆಯಬೇಕಾಗುತ್ತದೆ.

ಉಳಿದ ಆರು ಪ್ರಶ್ನೆಗಳಲ್ಲಿ ಮೂರು ಬರೆಯಬೇಕು, ಪ್ರತಿ ವಿಭಾಗದಿಂದ ಕನಿಷ್ಠ ಒಂದು. ಒಂದೊಂದು 50 ಅಂಕದ್ದು, ಸಾಮಾನ್ಯವಾಗಿ 20, 15, 15 ಅಂತ ಒಡೆದಿರುತ್ತದೆ. ಈ ಮೂರು ಚೂರುಗಳು ಒಂದೇ ಘಟಕದವಲ್ಲ. ವೇಬರ್ ಮೇಲೆ 20 ಅಂಕ ಇದ್ದರೆ ಅದರ ಕೆಳಗೇ ಸಂಶೋಧನಾ ವಿಧಾನದ 15, ಶ್ರೇಣೀಕರಣದ 15 ಇರಬಹುದು. ಬಿಟ್ಟ ಘಟಕ ಒಂದು ಚೂರಿನಲ್ಲಿ ಬಂದರೂ ಇಡೀ 50ರ ಆಯ್ಕೆ ಹಾಳು. ಹಾಗಾಗಿ ಆಯ್ಕೆ ಇರುವುದು ಪೂರ್ತಿ ಓದಿದವನು ಚೆನ್ನಾಗಿ ಬರುವುದನ್ನು ಆರಿಸಿಕೊಳ್ಳಲು. ಅರ್ಧ ಓದಿದವನಿಗೆ ಆಗುವ ಅನುಕೂಲ ಅದರಲ್ಲಿ ಬಹಳ ಕಡಿಮೆ.

ಘಟಕ ಎಣಿಸಿ ಹೋಲಿಸುವುದೂ ಮೋಸವೇ. ಸಮಾಜಶಾಸ್ತ್ರದಲ್ಲಿ "ಚಿಂತಕರು" ಅನ್ನುವುದು ಒಂದೇ ಘಟಕ, ಆದರೆ ಅದರೊಳಗೆ ಮಾರ್ಕ್ಸ್, ಡರ್ಕೈಮ್, ವೇಬರ್, ಪಾರ್ಸನ್ಸ್, ಮರ್ಟನ್, ಮೀಡ್ ಆರು ಜನ ಕೂತಿದ್ದಾರೆ. ಪಬ್ಲಿಕ್ ಅಡ್ಮಿನಿಸ್ಟ್ರೇಷನ್ನಿನಲ್ಲಿ ಮೊದಲ ಪತ್ರಿಕೆಗೆ 12 ಘಟಕ, ಎರಡನೆಯದಕ್ಕೆ 14. ಆ ಲೆಕ್ಕದಲ್ಲಿ ಅದು ಸಮಾಜಶಾಸ್ತ್ರಕ್ಕಿಂತ ದೊಡ್ಡದು ಅಂತ ಯಾರಾದರೂ ಹೇಳಿದರೆ ಅವರು ಪರಿವಿಡಿ ಮಾತ್ರ ನೋಡಿದ್ದಾರೆ.

ಸಂಜೆಓದು ಅವರೇ, ನೀವು ಹೇಳಿದ ಹೊತ್ತು ಕೂಡಿಸಿದರೆ ವಾರಕ್ಕೆ 29 ಗಂಟೆ. ಆ ಅಂಕಿಯನ್ನು ನಂಬಿ ಲೆಕ್ಕ ಹಾಕಬೇಡಿ. ಎರಡು ವಾರ, ಓದಲು ಕೂತ ಸಮಯ ಮತ್ತು ಎದ್ದ ಸಮಯವನ್ನು ಒಂದು ಹಾಳೆಯಲ್ಲಿ ಬರೆಯಿರಿ. ಫೋನ್ ಎತ್ತಿದರೆ ಗಡಿಯಾರ ನಿಲ್ಲಿಸಿ. ಅದು ಬಂದ ಮೇಲೆ ಮುಂದಿನ ಮಾತು.

ಗಡಿಯೂರು

ನಾನೂ ಕೆಎಎಸ್‌ಗೆ ಓದುತ್ತಿದ್ದೇನೆ. ಅಲ್ಲಿ ಇತಿಹಾಸ ತೆಗೆದುಕೊಳ್ಳಲಾ, ಗ್ರಾಮೀಣಾಭಿವೃದ್ಧಿ ತೆಗೆದುಕೊಳ್ಳಲಾ? ನನ್ನದು ಬಿಎ, ಇತಿಹಾಸ ಮೇಜರ್. ದಯವಿಟ್ಟು ಹೇಳಿ ಸರ್.

ಲೆಕ್ಕದಪುಟ

ಈಗಿನ ಕೆಎಎಸ್ ಮೇನ್ಸ್‌ನಲ್ಲಿ ಆಪ್ಷನಲ್ ಪತ್ರಿಕೆಯೇ ಇಲ್ಲ. ರ‍್ಯಾಂಕಿಗೆ ಸೇರುವುದು ಪ್ರಬಂಧ ಒಂದು, ಜಿಎಸ್ ನಾಲ್ಕು, ಅಷ್ಟೇ. ನಿಮ್ಮ ಕೈಯಲ್ಲಿರುವ ಪುಸ್ತಕ ಹಳೆಯ ಮಾದರಿಯದ್ದು ಇರಬೇಕು. ಕೆಪಿಎಸ್‌ಸಿಯ ಇತ್ತೀಚಿನ ಅಧಿಸೂಚನೆ ತೆಗೆದು ಮುಖ್ಯ ಪರೀಕ್ಷೆಯ ಕೋಷ್ಟಕ ಒಮ್ಮೆ ನೋಡಿ. ಇತಿಹಾಸ ಓದಿದ್ದು ಜಿಎಸ್‌ಗೆ ಬರುತ್ತದೆ, ವ್ಯರ್ಥ ಆಗುವುದಿಲ್ಲ.

ಯುಪಿಎಸ್‌ಸಿಯಲ್ಲೂ ಇದೇ ತೊಂದರೆ ಇದೆ. 2012ರವರೆಗೆ ಎರಡು ಆಪ್ಷನಲ್ ಇದ್ದವು, ಎರಡೂ ಸೇರಿ 1200 ಅಂಕ. 2013ರಿಂದ ಒಂದೇ, 1750ರಲ್ಲಿ 500. ಆ ಕಾಲದಲ್ಲಿ ಬರೆದವರ ಸಲಹೆಯಲ್ಲಿ "ಒಂದು ದೊಡ್ಡದು, ಒಂದು ಚಿಕ್ಕದು ಹಿಡಿ" ಅನ್ನುವ ಮಾತು ಬರುತ್ತದೆ. ಈಗ ಅದಕ್ಕೆ ಅರ್ಥವಿಲ್ಲ.

ನಕಾಶೆ

ಭೂಗೋಳವನ್ನು ಯಾರೂ ಎತ್ತಲೇ ಇಲ್ಲವಲ್ಲ. ಪ್ರಿಲಿಮ್ಸ್, ಜಿಎಸ್ ಒಂದು, ಜಿಎಸ್ ಮೂರರ ಪರಿಸರ, ವಿಪತ್ತು ನಿರ್ವಹಣೆ, ಕೃಷಿ, ಎಲ್ಲದಕ್ಕೂ ಬರುತ್ತದೆ. ಅರ್ಧ ಓದು ಉಚಿತ ಬಂದ ಹಾಗೆ. ಬಿಇ ಮಾಡಿದವರಿಗೆ ಚಿತ್ರ, ನಕ್ಷೆ ಸುಲಭ.

ಲೆಕ್ಕದಪುಟ

ಬರುತ್ತದೆ ಅನ್ನುವುದು ನಿಜ. "ಅರ್ಧ" ಅನ್ನುವ ಮಾತನ್ನು ಮಾತ್ರ ಅಳೆದು ನೋಡಬೇಕು. ಅಳೆಯುವ ಕ್ರಮ ಇಷ್ಟೇ: ಆಪ್ಷನಲ್‌ನ ಒಂದು ಭಾಗ ಓದಿದ್ದಕ್ಕೆ ಜಿಎಸ್ ಓದಿನ ಯೋಜನೆಯಿಂದ ನಿಮಗೆ ಎಷ್ಟು ಗಂಟೆ ಹೊಡೆದುಹಾಕಲು ಧೈರ್ಯ ಬರುತ್ತದೆ? ಅಷ್ಟೇ ಉಳಿತಾಯ. ಹವಾಮಾನ, ಭೂರೂಪ ಓದಿದರೆ ಜಿಎಸ್‌ನ ಆ ಗಂಟೆಗಳು ಹೋಗುತ್ತವೆ, ಒಪ್ಪಿದೆ. ಆದರೆ ಮೊದಲ ಪತ್ರಿಕೆಯ ಇನ್ನೊಂದು ಭಾಗದಲ್ಲಿ ಕ್ರಿಸ್ಟಲರ್, ವಾನ್ ಥ್ಯೂನೆನ್, ಭೌಗೋಳಿಕ ಚಿಂತನೆಯ ಬೆಳವಣಿಗೆ, ಪ್ರಾದೇಶಿಕ ಯೋಜನೆಯ ಸಿದ್ಧಾಂತ ಇವೆ. ಅವುಗಳಿಂದ ಜಿಎಸ್‌ನಲ್ಲಿ ಒಂದು ಗಂಟೆಯೂ ಕಳೆಯುವುದಿಲ್ಲ. ಜನ ಮಾಡುವ ತಪ್ಪು ಏನೆಂದರೆ, ಆಪ್ಷನಲ್ ಗಂಟೆಯನ್ನು ಅರ್ಧಕ್ಕೆ ಇಳಿಸುತ್ತಾರೆ, ಜಿಎಸ್ ಗಂಟೆಯನ್ನೂ ಇಳಿಸುತ್ತಾರೆ. ಒಂದೇ ಉಳಿತಾಯವನ್ನು ಎರಡು ಕಡೆ ಬರೆದುಕೊಂಡ ಹಾಗಾಯಿತು.

ಸಂಜೆಓದು

ಎರಡು ವಾರ ಬರೆದಿಟ್ಟೆ. ಮೊದಲ ವಾರ 19 ಗಂಟೆ ಚಿಲ್ಲರೆ, ಎರಡನೆಯದು 21. ಬೆಳಗ್ಗಿನ ಒಂದು ಗಂಟೆ ಗಟ್ಟಿ, ರಾತ್ರಿಯ ಎರಡರಲ್ಲಿ ಮುಕ್ಕಾಲು ಪಾಲು ಸೋರಿ ಹೋಗುತ್ತದೆ. ಭಾನುವಾರದ ಏಳು ಗಂಟೆ ಎರಡೂ ವಾರ ನಾಲ್ಕೂವರೆ ದಾಟಲಿಲ್ಲ.

ಲೆಕ್ಕದಪುಟ

20 ಅಂತ ಹಿಡಿಯೋಣ. 29ಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗ ಹೋಯಿತು. ಬಹಳ ಜನರ ಹಾಳೆ ಹೀಗೇ ಬರುತ್ತದೆ, ನಾಚಿಕೆ ಬೇಡ.

ಈಗ ವಾರ ಎಣಿಸೋಣ. ಪ್ರಿಲಿಮ್ಸ್ ಮೇ ಕೊನೆಗೆ ಅಂದರೆ ಮಾರ್ಚ್‌ನಿಂದ ಆಪ್ಷನಲ್ ಮುಟ್ಟಲು ಆಗುವುದಿಲ್ಲ. ಆ ಮೂರು ತಿಂಗಳು ಪೂರ್ತಿ ಪ್ರಿಲಿಮ್ಸ್. ಆಗಸ್ಟ್ ಮಧ್ಯದಿಂದ ಫೆಬ್ರವರಿ ಕೊನೆಗೆ 28 ವಾರ. ಹಬ್ಬ, ಜ್ವರ, ಆಫೀಸಿನ ಕೊನೇ ಗಳಿಗೆಯ ಕೆಲಸ ಅಂತ ಮೂರು ವಾರ ತೆಗೆದುಬಿಡಿ, 25 ಉಳಿಯಿತು. 25ನ್ನು 20ರಿಂದ ಗುಣಿಸಿದರೆ 500 ಗಂಟೆ. ಇದರಲ್ಲೇ ಜಿಎಸ್‌ನ ಬುಡವೂ ಆಗಬೇಕು. ಆಪ್ಷನಲ್‌ಗೆ ನೂರಕ್ಕೆ 40 ಪಾಲು ಕೊಟ್ಟರೆ 200 ಗಂಟೆ. ಮೊದಲ ಓದು ಮತ್ತು ನೋಟ್ಸ್ ಎರಡೂ ಈ 200ರೊಳಗೆ ಮುಗಿಯಬೇಕು.

"ಪ್ರಿಲಿಮ್ಸ್ ಆದ ಮೇಲೆ ಮುಗಿಸುತ್ತೇನೆ" ಅನ್ನುವವರು ತಾರೀಖು ನೋಡಲಿ. 2023ರಲ್ಲಿ ಪ್ರಿಲಿಮ್ಸ್ ಮೇ 28, ಮೇನ್ಸ್ ಶುರುವಾಗಿದ್ದು ಸೆಪ್ಟೆಂಬರ್ 15, ನಡುವೆ 110 ದಿನ. 2024ರಲ್ಲಿ ಜೂನ್ 16ರಿಂದ ಸೆಪ್ಟೆಂಬರ್ 20, 96 ದಿನ. 2025ರಲ್ಲಿ ಮೇ 25ರಿಂದ ಆಗಸ್ಟ್ 22, 89 ದಿನ. ಹನ್ನೆರಡು ವಾರ ಅಂದುಕೊಂಡರೆ ನಿಮಗೆ 240 ಗಂಟೆ, ಅದರಲ್ಲಿ ಆಪ್ಷನಲ್‌ಗೆ ಮೂರನೇ ಒಂದು ಪಾಲು, 80. ಎರಡೂ ಪತ್ರಿಕೆಗೆ ಎರಡೆರಡು ಪೂರ್ತಿ ಟೆಸ್ಟ್ ಬರೆದು ತಪ್ಪು ನೋಡಿಕೊಳ್ಳಲು 20 ಗಂಟೆ ಹೋಗುತ್ತದೆ. ರಿವಿಷನ್‌ಗೆ ಉಳಿದದ್ದು 60. ಹೊಸದಾಗಿ ಓದಲು ಅಲ್ಲಿ ಜಾಗವಿಲ್ಲ. ರಜೆ ಸಿಕ್ಕರೆ ಹೆಚ್ಚಾಗಬಹುದು, ಆದರೆ ಮಂಜೂರಾಗದ ರಜೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮುಂದಿನ ಕೆಲಸ: ಮೂರೂ ವಿಷಯದಿಂದ ಒಂದೊಂದು ತುಂಡು ತೆಗೆಯಿರಿ. ತುಂಡು ಅಂದರೆ ಹಳೆಯ ಪತ್ರಿಕೆಯಲ್ಲಿ ಒಂದು ಪ್ರಶ್ನೆಯಾಗಿ ಬರುವಷ್ಟು ವಿಷಯ. ಓದಿ, ಎರಡು ಪುಟಕ್ಕೆ ನೋಟ್ಸ್ ಇಳಿಸಿ, ಹಳೆಯ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಮೂರೂ ಸೇರಿದ ಗಂಟೆ ಬರೆದಿಡಿ. ಬರೀ ಓದಿನ ಗಂಟೆ ಹಿಡಿದರೆ ಅರ್ಧ ಮಾತ್ರ ಸಿಗುತ್ತದೆ.

ಮಲೆಮಗಳು

ಕನ್ನಡ ಸಾಹಿತ್ಯಕ್ಕೆ ಒಂದು ತುಂಡು ಸಾಲುವುದಿಲ್ಲ, ಎರಡು ತೆಗೆಯಿರಿ. ಎರಡನೇ ಪತ್ರಿಕೆಯ ಅರ್ಧ ಹಳೆಯದು, ಅರ್ಧ ಹೊಸದು, ವೇಗದಲ್ಲಿ ಅಜಗಜಾಂತರ. ಬೆಟ್ಟದ ಜೀವ ಒಂದು ಸಂಜೆ ಓದಿಸಿಕೊಂಡು ಹೋಗುತ್ತದೆ. ಪಂಪನ ವಿಕ್ರಮಾರ್ಜುನ ವಿಜಯದ 12, 13ನೇ ಆಶ್ವಾಸ ಹಾಗಲ್ಲ. ಮೊದಲು ಪದ ಬಿಡಿಸಬೇಕು, ಆಮೇಲೆ ಅನ್ವಯ, ಆಮೇಲೆ ಭಾವ. ಹೊಸಬರಿಗೆ ಗಂಟೆಗೆ ಐದಾರು ಪದ್ಯ ಸಾಗಿದರೆ ಒಳ್ಳೆಯ ವೇಗ. ವಡ್ಡಾರಾಧನೆಯಲ್ಲಿ ಪಠ್ಯಕ್ಕಿರುವುದು ಎರಡೇ ಕಥೆ, ಗದ್ಯ, ಹಾಗಾಗಿ ಹಳಗನ್ನಡಕ್ಕೆ ಅದರಿಂದ ಒಳಗೆ ಹೋಗುವುದು ಮೇಲು. ನೇರವಾಗಿ ಪಂಪನಿಗೆ ಕೈ ಹಾಕಿ ಎರಡನೇ ದಿನ ಬಿಟ್ಟವರು ಬಹಳ.

ಇನ್ನೊಂದು ವಿಷಯ ಜನ ಗಮನಿಸುವುದಿಲ್ಲ. ಎರಡನೇ ಪತ್ರಿಕೆಯ ಕಡ್ಡಾಯ ಪ್ರಶ್ನೆಗಳಲ್ಲಿ ಪಠ್ಯದ ಸಾಲು ಕೊಟ್ಟು ಸಂದರ್ಭ, ಅರ್ಥ, ಸ್ವಾರಸ್ಯ ಬರೆಯಿರಿ ಅನ್ನುತ್ತಾರೆ. ಸಾರಾಂಶ ಓದಿದವರು ಇಲ್ಲೇ ಸಿಕ್ಕಿಬೀಳುವುದು. ಸಾಲು ಕಂಡ ಕೂಡಲೇ ಇದು ಯಾರು ಯಾರಿಗೆ ಹೇಳಿದ್ದು ಅಂತ ಗೊತ್ತಾಗಬೇಕಾದರೆ ಮೂಲ ಪಠ್ಯವನ್ನೇ ಓದಿರಬೇಕು.

ಭಯಕ್ಕಿಂತ ದೊಡ್ಡ ಪ್ರಶ್ನೆ ಕೈಬರಹದ್ದು. ಸಾಹಿತ್ಯ ಪತ್ರಿಕೆಗಳನ್ನು ಕನ್ನಡದಲ್ಲೇ ಬರೆಯಬೇಕು, ಉಳಿದ ಪತ್ರಿಕೆ ಇಂಗ್ಲಿಷಿನಲ್ಲಿ ಬರೆದರೂ ಸರಿ. ನೀವು ಕೊನೆಯದಾಗಿ ಕನ್ನಡದಲ್ಲಿ ಪುಟಗಟ್ಟಲೆ ಬರೆದದ್ದು ಯಾವಾಗ?

ಸಂಜೆಓದು

ಹತ್ತನೇ ತರಗತಿಯಲ್ಲಿ ಮೇಡಂ.

ಮಲೆಮಗಳು

ಹಾಗಾದರೆ ಗಡಿಯಾರ ಇಟ್ಟು ನೋಡಿ. ಮೂರು ಗಂಟೆಗೆ 250 ಅಂಕ, ಅಂದರೆ ಹತ್ತು ಅಂಕಕ್ಕೆ ಏಳು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಪ್ರಶ್ನೆ ಓದಿ, ಯೋಚಿಸಿ, 150 ಪದ ಬರೆಯಬೇಕು. ಕನ್ನಡದ ಪದ ಪ್ರತ್ಯಯ ಎಲ್ಲ ಸೇರಿ ಉದ್ದ, ಒಂದು ಪದದಲ್ಲಿ ಒಂದು ವಾಕ್ಯದಷ್ಟು ಹೇಳಬಹುದು, ಬರೆಯುವಾಗ ಅಷ್ಟೇ ಅಕ್ಷರವೂ ಹೌದು. ಇಂಗ್ಲಿಷಿನ 150 ಪದದ ಅಭ್ಯಾಸ ಇಟ್ಟುಕೊಂಡು ಬಂದರೆ ಕೈ ಸೋಲುತ್ತದೆ. 120 ಪದದಲ್ಲಿ ಮುಗಿಸಲು ಕಲಿಯುವುದೂ ಒಂದು ದಾರಿ, ವಿಷಯ ಅಷ್ಟರಲ್ಲೇ ಹಿಡಿಯುತ್ತದೆ.

ಬೇಗಮುಗಿಸು

ನಿಮ್ಮ ಡಿಗ್ರಿಯ ಮೆಕ್ಯಾನಿಕಲ್ಲೇ ತೆಗೆದುಕೊಂಡರೆ? ಲೆಕ್ಕ ಸರಿಯಿದ್ದರೆ ಪೂರ್ತಿ ಅಂಕ.

ಲೆಕ್ಕದಪುಟ

ಲೆಕ್ಕ ತಪ್ಪಿದರೆ ಅಂಕ ಹೋಗುವುದೂ ಅಷ್ಟೇ ಬೇಗ. ಗೇಟ್‌ಗೆ ಓದಿದ ಬಿಸಿ ಇನ್ನೂ ಆರದವರಿಗೆ ಅದು ಸರಿ. ಡಿಗ್ರಿ ಮುಗಿಸಿ ಪುಸ್ತಕ ಮುಟ್ಟದವರು 200 ಗಂಟೆಯಲ್ಲಿ ಎರಡು ಪತ್ರಿಕೆಯ ಲೆಕ್ಕಗಳನ್ನು ಕೈಗೆ ಹಿಡಿಸುವುದು ಕಷ್ಟ. ಬಿಡಿ, ಅವರ ಪಟ್ಟಿಯಲ್ಲಿ ಅದಿಲ್ಲ.

ಸಂಜೆಓದು

ತುಂಡುಗಳ ಲೆಕ್ಕ ತಂದಿದ್ದೇನೆ.

ಸಮಾಜಶಾಸ್ತ್ರ: ವೇಬರ್‌ಗೆ 9 ಗಂಟೆ ಹಿಡಿಯಿತು, ಬಂಧುತ್ವದ ಒಂದು ತುಂಡಿಗೆ 5. ಹಳೆಯ ಪತ್ರಿಕೆ ನೋಡಿ ತುಂಡು ಎಣಿಸಿದರೆ ಎರಡೂ ಪತ್ರಿಕೆಗೆ 36 ಬಂತು. ಆರು ಚಿಂತಕರನ್ನು ಒಂಬತ್ತರಂತೆ, ಉಳಿದ 30ನ್ನು ಐದರಂತೆ ಹಿಡಿದರೆ ಒಟ್ಟು 204.

ಭೂಗೋಳ: ವಾಯುಮಂಡಲದ ಪರಿಚಲನೆ ಒಂದೇ ತುಂಡು 11 ಗಂಟೆ ತಿಂದಿತು, ಚಿತ್ರ ಬರೆಯುವುದು ಸೇರಿ. ಹಗುರದ್ದನ್ನೂ ಸೇರಿಸಿ ಸರಾಸರಿ ಏಳು ಅಂದುಕೊಂಡರೂ 45 ತುಂಡಿಗೆ 300 ದಾಟುತ್ತದೆ. ಜಿಎಸ್‌ನಲ್ಲಿ ಹೊಡೆದುಹಾಕಲು ಧೈರ್ಯ ಬಂದದ್ದು 40 ಗಂಟೆ. ಹಾಗಾಗಿ ಕೈಬಿಟ್ಟೆ.

ಕನ್ನಡ: ಬೆಟ್ಟದ ಜೀವ ಓದು, ನೋಟ್ಸ್, ಉತ್ತರ ಸೇರಿ 9. ಪಂಪನ 20 ಪದ್ಯಕ್ಕೆ 4. ಇದರಿಂದ ಹೊರಟರೆ ಹಳೆಯ ಮತ್ತು ನಡುಗನ್ನಡ ಪಠ್ಯಗಳಿಗೆ 75, ಹೊಸಗನ್ನಡ ಮತ್ತು ಜಾನಪದಕ್ಕೆ 55, ಮೊದಲ ಪತ್ರಿಕೆಗೆ 108. ಒಟ್ಟು 238, ಅಂದರೆ 38 ಹೆಚ್ಚು. ಕನ್ನಡದಲ್ಲಿ 150 ಪದಕ್ಕೆ 11 ನಿಮಿಷ ಬೇಕಾಯಿತು, ಇಂಗ್ಲಿಷಿನಲ್ಲಿ ಏಳೂವರೆ.

ಹತ್ತು ದಿನ ಬಿಟ್ಟು ಏನು ನೆನಪಿದೆ ಅಂತ ಖಾಲಿ ಹಾಳೆಯಲ್ಲಿ ಬರೆದು ನೋಡಿದೆ. ವೇಬರ್ ನೋಟ್ಸಿನ 18 ಅಂಶಗಳಲ್ಲಿ 7 ಬಂದವು. ಬೆಟ್ಟದ ಜೀವದ 20ರಲ್ಲಿ 14. ಅಂದರೆ ಕನ್ನಡಕ್ಕೆ ರಿವಿಷನ್ ಕಡಿಮೆ ಸಾಕು, 38 ಗಂಟೆ ಅಲ್ಲೇ ಸರಿಹೋಗುತ್ತದೆ ಅಲ್ಲವೇ?

ಲೆಕ್ಕದಪುಟ

ನೆನಪಿನ ಪರೀಕ್ಷೆ ಮಾಡಿದ್ದು ಒಳ್ಳೆಯದು. ಹೋಲಿಕೆ ಮಾತ್ರ ಸರಿಯಿಲ್ಲ. ಕಾದಂಬರಿಗೆ ಕಥೆಯ ದಾರ ಇರುತ್ತದೆ, ಒಂದು ಎಳೆದರೆ ಇನ್ನೊಂದು ಬರುತ್ತದೆ. ವೇಬರ್ ಸಿದ್ಧಾಂತ. ಸಿದ್ಧಾಂತವನ್ನು ಸಿದ್ಧಾಂತದ ಜೊತೆ ಇಟ್ಟು ನೋಡಿ. ಕನ್ನಡದಲ್ಲೂ ರಸ, ಧ್ವನಿ, ವಕ್ರೋಕ್ತಿ, ರೀತಿ, ಔಚಿತ್ಯ ಇವೆಯಲ್ಲ, ಅದರಲ್ಲೊಂದು ತೆಗೆಯಿರಿ.

ಇನ್ನೊಂದು ಎಡವಟ್ಟು: ಮೊದಲ ಓದಿನ ಗಂಟೆ ಇರುವುದು ಫೆಬ್ರವರಿಯೊಳಗೆ, ರಿವಿಷನ್ ಗಂಟೆ ಇರುವುದು ಜೂನ್ ಆದ ಮೇಲೆ. ಒಂದರ ಉಳಿತಾಯ ಇನ್ನೊಂದರ ಕೊರತೆ ತುಂಬುವುದಿಲ್ಲ. ಜುಲೈನಲ್ಲಿ 20 ಗಂಟೆ ಮಿಗುತ್ತದೆ ಅಂತ ಜನವರಿಯಲ್ಲಿ ಸಾಲ ಮಾಡಲು ಆಗುವುದಿಲ್ಲವಲ್ಲ.

ಮಲೆಮಗಳು

ಇಷ್ಟದ ಬಗ್ಗೆ ಒಂದು ಮಾತು. ನೀವು ಇಷ್ಟವನ್ನು ಸಿಹಿ ಇರುವ ಕಡೆ ಅಳೆದಿದ್ದೀರಿ. ಬೆಟ್ಟದ ಜೀವ, ತುಘಲಕ್, ಒಡಲಾಳ ಯಾರಿಗೆ ಬೇಡ? ಮೊದಲ ಪತ್ರಿಕೆಯ ಭಾಷಾ ಚರಿತ್ರೆ ತೆಗೆಯಿರಿ. ದ್ರಾವಿಡ ಭಾಷೆಗಳ ಲಕ್ಷಣ, ಧ್ವನಿ ವ್ಯತ್ಯಾಸ, ಅರ್ಥ ವ್ಯತ್ಯಾಸ, ಸ್ವೀಕರಣ, ಪ್ರಾದೇಶಿಕ ಮತ್ತು ಸಾಮಾಜಿಕ ಉಪಭಾಷೆ. ಪಕಾರ ಹಕಾರವಾದದ್ದು ಹೇಗೆ, ಪಾಲು ಹಾಲಾಯಿತು, ಪೋಗು ಹೋಗಾಯಿತು, ಯಾವ ಕಾಲದಲ್ಲಿ, ಶಾಸನದ ಆಧಾರವೇನು, ಇದನ್ನು ಎರಡು ದಿನ ಓದಿ ಮೂರನೇ ದಿನ ತಾನಾಗಿ ಪುಸ್ತಕ ತೆಗೆದರೆ ಆಗ ಇಷ್ಟ ಇದೆ ಅಂತ ಲೆಕ್ಕ. ಕಾವ್ಯ ಇಷ್ಟಪಟ್ಟು ಬಂದು ಭಾಷಾ ಚರಿತ್ರೆಯನ್ನು ಡಿಸೆಂಬರ್‌ಗೆ ತಳ್ಳಿ, ಆಮೇಲೆ ಬಿಟ್ಟೇಬಿಡುವುದು ಈ ವಿಷಯದ ಮಾಮೂಲಿ ರೋಗ.

ಇಷ್ಟ ಇನ್ನೊಂದು ಕಡೆಯಿಂದಲೂ ಹೊಡೆಯುತ್ತದೆ. ಇಷ್ಟವಾದ ಪಠ್ಯವನ್ನು ಮೂರು ಸಲ ಓದುತ್ತೀರಿ, ಅದರ ಮೇಲೆ ಬಂದ ವಿಮರ್ಶೆಯನ್ನೆಲ್ಲ ಹುಡುಕುತ್ತೀರಿ. 9 ಗಂಟೆಯ ತುಂಡು 20 ಆಗುತ್ತದೆ. ಪರೀಕ್ಷೆಗೆ ಬೇಕಾದದ್ದು ಎರಡು ಪುಟ. ಹಾಳೆಯಲ್ಲಿ ಗಂಟೆ ಬರೆಯುವ ಅಭ್ಯಾಸ ಬಿಡಬೇಡಿ.

ನಕಾಶೆ

ಎಲ್ಲವನ್ನೂ ಗಂಟೆಯಲ್ಲಿ ಅಳೆದರೆ ಅಂಕ ಎಲ್ಲಿ ಹೋಯಿತು? ಸಮಾಜಶಾಸ್ತ್ರ ತೆಗೆದುಕೊಂಡವರ ಸಂಖ್ಯೆ ದೊಡ್ಡದು, ಸ್ಪರ್ಧೆಯೂ ಹೆಚ್ಚು. ಕನ್ನಡ ಬರೆಯುವವರು ಕಡಿಮೆ. ಅಂಕ ಕೊಡುವ ರೀತಿ ಬೇರೆ ಇರುತ್ತದಲ್ಲ?

ಲೆಕ್ಕದಪುಟ

ಇರಬಹುದು. ಆದರೆ ಒಂದು ವಿಷಯದಲ್ಲಿ ಎಷ್ಟು ಜನ ಆಯ್ಕೆಯಾದರು ಅನ್ನುವ ಅಂಕಿ ನಿಮ್ಮ ಉತ್ತರಕ್ಕೆ ಎಷ್ಟು ಬರುತ್ತದೆ ಅಂತ ಹೇಳುವುದಿಲ್ಲ. ಕಡಿಮೆ ಜನ ಇರುವ ವಿಷಯದಲ್ಲಿ ಅದನ್ನೇ ಎಂಎ ಮಾಡಿದವರ ಪಾಲು ಹೆಚ್ಚಿರಬಹುದು, ಆಗ ಶೇಕಡಾವಾರು ಚೆಂದ ಕಾಣುತ್ತದೆ. ಅದನ್ನು ನೋಡಿ ಬಿಇಯವರು ಬರುವುದು ಅಪಾಯ.

ಮಲೆಮಗಳು

ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕನ್ನಡದಲ್ಲಿ ಉದಾಹರಣೆ ಪದ್ಯ ಸರಿಯಾಗಿ ಕೊಟ್ಟ ಉತ್ತರ ಮತ್ತು ಬರೀ ಸಾರಾಂಶ ಬರೆದ ಉತ್ತರ, ಇವೆರಡರ ವ್ಯತ್ಯಾಸ ಪರೀಕ್ಷಕರಿಗೆ ತಕ್ಷಣ ಕಾಣುತ್ತದೆ. ಅದನ್ನು ಬಿಇಯವರೂ ಮಾಡಬಹುದು. ಪ್ರತಿ ಪಠ್ಯಕ್ಕೆ ಎಂಟೋ ಹತ್ತೋ ಸಾಲು ಬಾಯಿಗೆ ಬರಬೇಕು, ಅಷ್ಟೇ. ಸಮಾಜಶಾಸ್ತ್ರದಲ್ಲಿ ಎಲ್ಲರೂ ಅದೇ ನೋಟ್ಸ್‌ನಿಂದ ಬರೆಯುತ್ತಾರೆ, ಅಲ್ಲಿ ಬೇರೆಯಾಗಿ ಕಾಣುವುದು ಕಷ್ಟ.

ಲೆಕ್ಕದಪುಟ

ಸಾಲು ಬಾಯಿಗೆ ಬರಿಸಲು ಹಿಡಿಯುವ ಗಂಟೆ 238ರಲ್ಲಿ ಸೇರಿದೆಯೇ ಮೇಡಂ?

ಮಲೆಮಗಳು

ಸೇರಿಲ್ಲ. ಆದರೆ ಅದು ಕೂತು ಓದುವ ಗಂಟೆಯಲ್ಲ. ಬಸ್ಸಿನಲ್ಲಿ, ನಡೆಯುವಾಗ ಆಗುತ್ತದೆ. ವೇಬರ್ ಅನ್ನು ಬಸ್ಸಿನಲ್ಲಿ ಓದಲು ಆಗುವುದಿಲ್ಲ. ನಿಮ್ಮ ಹಾಳೆಯಲ್ಲಿ ಆ ಹೊತ್ತಿಗೆ ಕಾಲಂ ಇಲ್ಲ ನೋಡಿ.

ಲೆಕ್ಕದಪುಟ

ಇದು ಸರಿಯಾದ ಮಾತು. ಓಡಾಟದ ಹೊತ್ತಿನಲ್ಲಿ ಯಾವ ವಿಷಯ ಸಾಗುತ್ತದೆ ಅನ್ನುವುದನ್ನು ನಾನು ಬಿಟ್ಟಿದ್ದೆ.

ಗಡಿಯೂರು

ಆಪ್ಷನಲ್ ಇಲ್ಲ ಅಂತ ಈಗ ನೋಡಿದೆ ಸರ್, ಥ್ಯಾಂಕ್ಸ್. ಪುಸ್ತಕ ತಂದಾಗಿತ್ತು. ಒಂದು ಅನುಮಾನ, ಯುಪಿಎಸ್‌ಸಿಯಲ್ಲಿ ಕನ್ನಡ ಭಾಷೆಯ ಪತ್ರಿಕೆ ಅಂತ ಹೇಗೂ ಒಂದಿದೆಯಲ್ಲ, ಸಾಹಿತ್ಯ ತೆಗೆದುಕೊಂಡರೆ ಅದೂ ಮುಗಿದ ಹಾಗೆ ಅಲ್ಲವೇ? ಡಬಲ್ ಲಾಭ.

ಮಲೆಮಗಳು

ಅದು 300 ಅಂಕದ ಅರ್ಹತಾ ಪತ್ರಿಕೆ. ಕಾಲು ಭಾಗ, ಅಂದರೆ 75 ಬಂದರೆ ಸಾಕು, ರ‍್ಯಾಂಕಿಗೆ ಸೇರುವುದಿಲ್ಲ. ಪ್ರಬಂಧ, ಅನುವಾದ, ಸಂಕ್ಷೇಪ, ವ್ಯಾಕರಣ ಬರುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಓದಿದವರಿಗೆ ಅದಕ್ಕೆ ಬೇರೆ ಗಂಟೆ ಬೇಕಾಗುವುದಿಲ್ಲ. ಹಾಗಾಗಿ ಉಳಿತಾಯವೂ ಏನಿಲ್ಲ. ಸಂಜೆಓದು ಅವರಿಗೆ ಒಂದು ಲಾಭ ಇದೆ, ಕೈಬರಹದ ಅಭ್ಯಾಸ ಎರಡು ಕಡೆ ಕೆಲಸಕ್ಕೆ ಬರುತ್ತದೆ.

ಸಂಜೆಓದು

ಧ್ವನಿ ತತ್ವ ತೆಗೆದು ನೋಡಿದೆ. ಓದು, ನೋಟ್ಸ್, ಉತ್ತರ ಸೇರಿ ಐದು ಗಂಟೆ. ಹತ್ತು ದಿನದ ಮೇಲೆ 16 ಅಂಶಗಳಲ್ಲಿ 8 ನೆನಪಿತ್ತು. ವೇಬರ್‌ಗಿಂತ ಸ್ವಲ್ಪ ಮೇಲೆ, ಬೆಟ್ಟದ ಜೀವದಷ್ಟು ಅಲ್ಲ. ಭಾಷಾ ಚರಿತ್ರೆಯನ್ನು ಎರಡು ದಿನ ಓದಿದೆ, ಮೂರನೇ ದಿನ ತೆಗೆಯಲಿಲ್ಲ. ನಾಲ್ಕನೇ ದಿನ ತೆಗೆದೆ.

ಕೈಬರಹ ದಿನಕ್ಕೊಂದು ಉತ್ತರದಂತೆ ಹನ್ನೆರಡು ದಿನ ಬರೆದ ಮೇಲೆ 11 ನಿಮಿಷ ಒಂಬತ್ತೂವರೆಗೆ ಬಂದಿದೆ.

ಬೇಗಮುಗಿಸು

ಒಂದು ತಿಂಗಳು ಅಳೆಯುವುದರಲ್ಲೇ ಹೋಯಿತು. ಅಷ್ಟರಲ್ಲಿ ಸಮಾಜಶಾಸ್ತ್ರದ ಕಾಲು ಭಾಗ ಮುಗಿಯುತ್ತಿತ್ತು.

ಲೆಕ್ಕದಪುಟ

ಅಳೆಯಲು ಓದಿದ ತುಂಡುಗಳು ಮುಗಿದ ತುಂಡುಗಳೇ ಅಲ್ಲವೇ, ಭೂಗೋಳದ 11 ಗಂಟೆ ಮತ್ತು ಕೊನೆಗೆ ಬಿಡುವ ವಿಷಯದ ಗಂಟೆ ಮಾತ್ರ ನಷ್ಟ. ಆದರೂ ಇವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಅಳತೆಗೆ ಒಂದು ಗಡುವು ಬೇಕು, ಸೆಪ್ಟೆಂಬರ್ ಮಧ್ಯಕ್ಕೆ ಮುಚ್ಚಿಬಿಡಿ. ಒಮ್ಮೆ ಆರಿಸಿದ ಮೇಲೆ ನವೆಂಬರ್‌ನಲ್ಲಿ ಬೇರೆಯವರ ಅಂಕಪಟ್ಟಿ ನೋಡಿ ವಿಷಯ ಬದಲಿಸಿದರೆ ಮುಗಿಸಿದ್ದೆಲ್ಲ ನೀರುಪಾಲು, ಉಳಿದ ವಾರದಲ್ಲಿ ಯಾವ ವಿಷಯವೂ ಮುಗಿಯುವುದಿಲ್ಲ.

ಈಗಿನ ಸ್ಥಿತಿ ಹೀಗಿದೆ. ಸಮಾಜಶಾಸ್ತ್ರ 204, ನಿಮ್ಮ 200ಕ್ಕೆ ಹೆಚ್ಚು ಕಡಿಮೆ ಸರಿ. ಜಿಎಸ್ ಒಂದರ ಭಾರತೀಯ ಸಮಾಜದ ಭಾಗದಲ್ಲಿ ಸ್ವಲ್ಪ ಗಂಟೆ ಉಳಿಯುತ್ತದೆ. ಮರೆವು ಮಾತ್ರ ಹೆಚ್ಚು, ಹಾಗಾಗಿ ಜೂನ್ ನಂತರದ 60 ಗಂಟೆ ಬಿಗಿಯಾಗುತ್ತದೆ. ಕನ್ನಡದಲ್ಲಿ ಫೆಬ್ರವರಿಯೊಳಗೆ 38 ಗಂಟೆ ಕೊರತೆ, ಕೈವೇಗ ಇನ್ನೂ ಎರಡೂವರೆ ನಿಮಿಷ ಇಳಿಯಬೇಕು. ಆ 38ನ್ನು ವಾರಕ್ಕೆ ಹಂಚಿದರೆ ಒಂದೂವರೆ ಗಂಟೆ. ಅದು ಭಾನುವಾರದಿಂದ ಬರುತ್ತದೆಯೇ ಇಲ್ಲವೇ ಅನ್ನುವುದು ನಿಮ್ಮ ಹಾಳೆಗೆ ಗೊತ್ತು, ನಮಗೆ ಗೊತ್ತಿಲ್ಲ. ನನ್ನ ಒಲವು ಕೇಳಿದರೆ ಸಮಾಜಶಾಸ್ತ್ರ.

ಮಲೆಮಗಳು

ನನ್ನದು ಕನ್ನಡ. ಭಾಷಾ ಚರಿತ್ರೆಯನ್ನು ನಾಲ್ಕನೇ ದಿನ ತಾನಾಗಿ ತೆಗೆದವರು ಅಪರೂಪ. ಕೊರತೆ ತುಂಬಲು ಒಂದು ಉಪಾಯ ಇದೆ, ಸಾಹಿತ್ಯ ಚರಿತ್ರೆಯನ್ನು ಬೇರೆಯಾಗಿ ಓದಬೇಡಿ. ಪಂಪನ ಪಠ್ಯ ಓದುವ ವಾರವೇ ಪಂಪಯುಗದ ಟಿಪ್ಪಣಿ ಮಾಡಿ, ವಚನಗಳ ವಾರ ವಚನ ಸಾಹಿತ್ಯದ್ದು, ಅದರ ಜೊತೆಗೇ ಕಲ್ಯಾಣದ ಚಾಲುಕ್ಯರ ಕಾಲದ ಸಾಂಸ್ಕೃತಿಕ ಚರಿತ್ರೆ. ಒಂದೇ ಕಾಲಘಟ್ಟ ಮೂರು ಕಡೆ ಬರುತ್ತದೆ, ಮೂರು ಸಲ ಪುಸ್ತಕ ತೆರೆಯುವುದು ತಪ್ಪುತ್ತದೆ. 15ರಿಂದ 20 ಗಂಟೆ ಇಲ್ಲೇ ಸಿಗಬೇಕು.

ಲೆಕ್ಕದಪುಟ

"ಸಿಗಬೇಕು" ಅನ್ನುವುದನ್ನು ಒಂದು ಕಾಲಘಟ್ಟಕ್ಕೆ ಮಾಡಿ ನೋಡಿ, ಆಮೇಲೆ ಕಳೆಯೋಣ. ಭೂಗೋಳದವರಿಗೆ ಹೇಳಿದ ನಿಯಮ ಕನ್ನಡಕ್ಕೂ ಅನ್ವಯಿಸುತ್ತದೆ.

ಸಂಜೆಓದು

ಸರಿ, ಈ ವಾರ ವಚನ, ಅದರ ಸಾಹಿತ್ಯ ಚರಿತ್ರೆ, ಆ ಕಾಲದ ಸಾಂಸ್ಕೃತಿಕ ಚರಿತ್ರೆ ಮೂರನ್ನೂ ಒಟ್ಟಿಗೆ ತೆಗೆಯುತ್ತೇನೆ. ಬೇರೆಬೇರೆ ಓದಿದರೆ 14 ಗಂಟೆ ಅಂತ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಹತ್ತರೊಳಗೆ ಮುಗಿದರೆ ಕನ್ನಡ, ದಾಟಿದರೆ ಸಮಾಜಶಾಸ್ತ್ರ. ಗಡುವು 15ನೇ ತಾರೀಖು.

ಮಲೆಮಗಳು

ಉತ್ತರ ಬರೆಯುವುದನ್ನೂ ಆ ಹತ್ತರಲ್ಲೇ ಸೇರಿಸಿ. ಕನ್ನಡದಲ್ಲಿ, ಪೆನ್ನಿನಲ್ಲಿ.